ಮಣ್ಣು ಒಂದೇ, ಇಸಿ ಎರಡು: ಸವಳು-ಜವಳು ಪೇಪರ್‌ಗಳನ್ನು ಒಂದು ಮ್ಯಾಟ್ರಿಕ್ಸ್‌ಗೆ ತಂದ ಪ್ರಕರಣ

ಇದು ರಾಯಚೂರಿನಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿರುವ ಒಬ್ಬ ವಿದ್ಯಾರ್ಥಿನಿಯ ರಿವ್ಯೂ ಅಧ್ಯಾಯದ ಪ್ರಕರಣ. ಊರು ಸಿಂಧನೂರು ಕಡೆ. ಮನೆಯ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನದು. ಅದರಲ್ಲಿ ಒಂದು ಭಾಗ ಸವಳು ಹಿಡಿದಿದೆ. ಅವಳ ವಿಷಯವೂ ಅದೇ. ಎರೆ ಭೂಮಿಯಲ್ಲಿ ನೆಲದೊಳಗೆ ಕೊಳವೆ ಹೂತು ಮಾಡುವ ಬಸಿಗಾಲುವೆಯಿಂದ ಉಪ್ಪು ಎಷ್ಟು ಇಳಿಯುತ್ತದೆ, ಭತ್ತದ ಇಳುವರಿ ಎಷ್ಟು ಏರುತ್ತದೆ ಅಂತ ನೋಡುವುದು.

ಈ ಭಾಗದಲ್ಲಿ ಈ ವಿಷಯಕ್ಕೆ ಪೇಪರ್‌ಗಳ ಕೊರತೆ ಇಲ್ಲ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ ಹೆಚ್ಚಾಗಿ ಲೆಕ್ಕಕ್ಕಿಟ್ಟು ಕಾಲುವೆ ಮಾಡಿದರು. ಮೇಲ್ಭಾಗದಲ್ಲಿ ಭತ್ತ ಹರಡಿತು, ಎರೆ ಮಣ್ಣಿನಲ್ಲಿ ನೀರು ನಿಂತಿತು, ಕೆಳಗಿನ ಉಪ್ಪು ಮೇಲೆ ಬಂತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ಥೀಸಿಸ್, ಜರ್ನಲ್ ಲೇಖನ, ಯೋಜನಾ ವರದಿ, ಉಪಗ್ರಹ ಚಿತ್ರದ ಸರ್ವೆ, ಎಲ್ಲಾ ಇವೆ.

ಅವಳು ಮೂವತ್ತಕ್ಕೂ ಹೆಚ್ಚು ಪೇಪರ್ ಕೂಡಿಸಿ, ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಬರೆದಿದ್ದಳು. ಅಚ್ಚುಕಟ್ಟಾದ ನೋಟ್ಸ್. ಆದರೆ ಅಧ್ಯಾಯ ಬರೆಯಲು ಕೂತಾಗ "ಇಂಥವರು ಹೀಗೆ ಕಂಡುಕೊಂಡರು, ಅಂಥವರು ಹಾಗೆ ಕಂಡುಕೊಂಡರು" ಅನ್ನುವ ಸಾಲುಗಳು ಒಂದರ ಕೆಳಗೊಂದು ಬಿದ್ದವು. ಯಾರಿಗೂ ಯಾರೂ ಉತ್ತರ ಕೊಡುತ್ತಿರಲಿಲ್ಲ. ಅದಕ್ಕೇ ಮ್ಯಾಟ್ರಿಕ್ಸ್ ಮಾಡೋಣ ಅಂತ ಅವಳೂ ನಾನೂ ಕೂತೆವು. ಅಡ್ಡ ಸಾಲಿಗೆ ಒಂದು ಅಧ್ಯಯನ, ಉದ್ದ ಕಾಲಮ್ಮಿಗೆ ಒಂದು ಪ್ರಶ್ನೆ, ಇಷ್ಟೇ ಅದರ ರಚನೆ. ಕಷ್ಟ ಇರುವುದು ಯಾವ ಪ್ರಶ್ನೆಗೆ ಕಾಲಮ್ ಕೊಡಬೇಕು ಅನ್ನುವುದರಲ್ಲಿ.

ಹುಡುಕುವಾಗಲೇ ಕೈತಪ್ಪುವ ಪೇಪರ್‌ಗಳು

ಮ್ಯಾಟ್ರಿಕ್ಸ್‌ಗಿಂತ ಮುಂಚಿನ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ಜಿಲ್ಲೆಗಳ ವಿಷಯದಲ್ಲಿ ಇದು ಜಾಸ್ತಿ ಆಗುತ್ತದೆ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರಲ್ಲಿ. ಅದಕ್ಕೂ ಹಿಂದಿನ ಪೇಪರ್‌ಗಳು ಹಳೇ ಕಾಗುಣಿತದಲ್ಲೇ ಇವೆ. ಗಂಗಾವತಿಯನ್ನೂ ಎರಡು ಥರ ಬರೆಯುತ್ತಾರೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಶುರುವಾಗುವ ಮುಂಚೆ ಈ ಭಾಗದ ಕೃಷಿ ಕಾಲೇಜು ಧಾರವಾಡಕ್ಕೆ ಸೇರಿತ್ತು. ಹಾಗಾಗಿ ಇಲ್ಲಿನ ಮಣ್ಣಿನ ಮೇಲಿನ ಹಳೇ ಥೀಸಿಸ್‌ಗಳು ಧಾರವಾಡದ ಹೆಸರಿನಲ್ಲಿ ಸಿಗುತ್ತವೆ. ಅವಳು ಕೊನೆಗೆ ಬಳಸಿದ ಹುಡುಕು ಪದಗಳು ಇವು:

```
(Bellary OR Ballari OR Gangavathi OR Gangavati
 OR Raichur OR Koppal OR Tungabhadra)
AND (salinity OR waterlogging OR "salt affected")
AND drainage
```

ಜರ್ನಲ್‌ಗಳ ಜೊತೆಗೆ ಕೃಷಿ ಥೀಸಿಸ್‌ಗಳಿರುವ ಕೃಷಿಕೋಶದಲ್ಲೂ ಇದೇ ಪದಗಳನ್ನು ಬಿಡಿಬಿಡಿಯಾಗಿ ಹಾಕಿ ನೋಡಿದಳು. ಯಾವ ತಾರೀಕಿಗೆ, ಯಾವ ಪದ ಹಾಕಿ, ಎಲ್ಲಿ ಹುಡುಕಿದ್ದು ಅಂತ ಅದೇ ಫೈಲಿನ ಎರಡನೇ ಹಾಳೆಯಲ್ಲಿ ಬರೆದಿಟ್ಟಳು. ಆ ಹಾಳೆ ಎಷ್ಟು ಮುಖ್ಯ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಪೇಪರ್ ಬೇರೆ, ಅಧ್ಯಯನ ಬೇರೆ

ಮೊದಲು ಮಾಡಿದ ತೀರ್ಮಾನ, ಒಂದು ಸಾಲು ಅಂದರೆ ಒಂದು ಅಧ್ಯಯನ, ಒಂದು ಪೇಪರ್ ಅಲ್ಲ. ಒಬ್ಬರು ಒಂದು ಹೊಲದಲ್ಲಿ ಪ್ರಯೋಗ ಮಾಡಿ ಅದನ್ನು ಥೀಸಿಸ್ ಬರೆದಿರುತ್ತಾರೆ. ಅದರಿಂದಲೇ ಒಂದು ಜರ್ನಲ್ ಲೇಖನ ಬರುತ್ತದೆ, ಒಂದು ಸಮ್ಮೇಳನದ ಲೇಖನವೂ ಬರುತ್ತದೆ. ಮೂರಕ್ಕೂ ಮೂರು ಸಾಲು ಕೊಟ್ಟರೆ ಒಂದೇ ಹೊಲ ಮೂರು ಸಲ ಸಾಕ್ಷಿ ಹೇಳಿದಂತೆ ಆಗುತ್ತದೆ. "ಮೂರು ಅಧ್ಯಯನಗಳು ಇದನ್ನೇ ಹೇಳುತ್ತವೆ" ಅಂತ ನಾವು ನಂಬಿಕೆಯಿಂದ ಬರೆದುಬಿಡುತ್ತೇವೆ. ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಹಳ್ಳಿಯ ಹೆಸರು, ಪ್ರಯೋಗದ ವರ್ಷ, ಕೊಳವೆಗಳ ನಡುವಿನ ಅಂತರ, ಈ ಮೂರೂ ಒಂದೇ ಆಗಿದ್ದರೆ ಅದು ಒಂದೇ ಪ್ರಯೋಗ ಅಂತ ಅನುಮಾನ ಪಡಬೇಕು. ಇಸಿ ಅಂದರೆ ಮಣ್ಣಿನ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ ಉಪ್ಪು ಅಳೆಯುವುದು. ಶುರುವಿನ ಇಸಿ ಅಂಕಿಯೂ ದಶಮಾಂಶದವರೆಗೆ ಒಂದೇ ಇದ್ದರೆ ಅನುಮಾನವೂ ಉಳಿಯುವುದಿಲ್ಲ.

ಇದರ ತಿರುವುಮುರುವೂ ಉಂಟು. ಒಂದೇ ಪೇಪರಿನಲ್ಲಿ ಎರಡು ಹಳ್ಳಿಯ ಎರಡು ಹೊಲ ಇದ್ದರೆ ಅದಕ್ಕೆ ಎರಡು ಸಾಲು, 04ಅ ಮತ್ತು 04ಆ. ಸರಾಸರಿ ತೆಗೆದು ಒಂದೇ ಸಾಲಿಗೆ ತುರುಕಬಾರದು.

ಆಮೇಲೆ ಐದು ಪೇಪರ್ ಆರಿಸಿಕೊಂಡು, ಅವುಗಳ ಮೇಲೆ ಮಾತ್ರ ಕಾಲಮ್‌ಗಳನ್ನು ಪರೀಕ್ಷಿಸಿದೆವು. ಐದೂ ಒಂದೇ ಜಾತಿಯವಾಗಿರಬಾರದು. ಒಂದು ಹಳೇದು, ಒಂದು ಹೊಸದು, ಒಂದು ಹೊಲದ ಪ್ರಯೋಗ, ಒಂದು ರೈತರ ಸರ್ವೆ, ಒಂದು ಉಪಗ್ರಹ ಚಿತ್ರದ್ದು. ಉಪಗ್ರಹ ಚಿತ್ರದ ಪೇಪರ್ ಬಂದ ಕೂಡಲೇ ಅರ್ಧ ಕಾಲಮ್ ಖಾಲಿ ಬಿದ್ದವು. ಅದು ಎಷ್ಟು ಎಕರೆ ಸವಳಾಗಿದೆ ಅಂತ ಹೇಳುತ್ತದೆ, ಬಸಿಗಾಲುವೆ ಹಾಕಿದರೆ ಏನಾಗುತ್ತದೆ ಅಂತಲ್ಲ. ಅಂಥ ಪೇಪರ್‌ಗಳನ್ನು ಹಿನ್ನೆಲೆಗೆ ಅಂತ ಬೇರೆ ಹಾಳೆಗೆ ಹಾಕಿದೆವು. ಮೂವತ್ತೂ ಓದಿದ ಮೇಲೆ ಇದು ಗೊತ್ತಾಗಿದ್ದರೆ ಎಲ್ಲಾ ಪೇಪರನ್ನೂ ಮತ್ತೆ ತೆರೆಯಬೇಕಾಗುತ್ತಿತ್ತು.

ಜಗಳ ಕಂಡದ್ದು ಇಸಿ ಕಾಲಮ್ಮಿನಲ್ಲಿ

ಅವಳ ಮೊದಲ ಮ್ಯಾಟ್ರಿಕ್ಸ್‌ನಲ್ಲಿ ಇಸಿಗೆ ಒಂದೇ ಕಾಲಮ್ ಇತ್ತು. ಬಸಿಗಾಲುವೆ ಹಾಕಿದ ಮೇಲೂ ಒಂದು ಪೇಪರಿನಲ್ಲಿ 5.4 ಉಳಿದಿತ್ತು. ಇನ್ನೊಂದರಲ್ಲಿ 1.5. ಎರಡರ ಯುನಿಟ್ಟೂ ಒಂದೇ, ಡೆಸಿಸೀಮನ್ಸ್ ಪ್ರತಿ ಮೀಟರಿಗೆ. ಎರಡೂ ಒಂದೇ ಭಾಗದ ಎರೆ ಮಣ್ಣು. (ಇಲ್ಲಿ ನಾನು ಕೊಡುವ ಇಸಿ ಅಂಕಿಗಳು ಲೆಕ್ಕ ತೋರಿಸಲು ಇಟ್ಟ ಸರಳ ಅಂಕಿಗಳು, ಯಾವುದೇ ಒಂದು ಪೇಪರಿನವಲ್ಲ.)

"ಮೇಡಂ, ಇಬ್ರದ್ದೂ ಒಂದೇ ನೆಲ. ಒಬ್ರು ಸವಳು ಹೋಗೇ ಇಲ್ಲ ಅಂತಾರ, ಇನ್ನೊಬ್ರು ಹೋತು ಅಂತಾರ. ಖರೆ ಯಾರದು?" ಅಂತ ಕೇಳಿದಳು.

"ಅವರು ಇಸಿ ಹೆಂಗ ಅಳೆದ್ರು ಅಂತ ನೋಡಿದ್ಯಾ?" ಅಂದೆ. ನೋಡಿರಲಿಲ್ಲ. ಅದು ಪೇಪರಿನ ನಡುವೆ, ವಿಧಾನದ ಭಾಗದಲ್ಲಿ, ಒಂದೇ ಸಾಲಿನಲ್ಲಿ ಇರುತ್ತದೆ. ಫಲಿತಾಂಶ ಮಾತ್ರ ಓದಿದವರಿಗೆ ಸಿಗುವುದಿಲ್ಲ.

ಇಸಿ ಅಳೆಯಲು ಎರಡು ದಾರಿ ಚಾಲ್ತಿಯಲ್ಲಿವೆ. ಮೊದಲನೇದು ಸ್ಯಾಚುರೇಶನ್ ಪೇಸ್ಟ್. ಮಣ್ಣಿಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಕಲಸುತ್ತಾ ಹೋಗಬೇಕು. ಮೇಲ್ಮೈ ಮಿನುಗಬೇಕು, ಚಮಚದಿಂದ ಮಣ್ಣು ಜಾರಬೇಕು, ಆದರೆ ನೀರು ಬೇರೆಯಾಗಿ ನಿಲ್ಲಬಾರದು. ಅದನ್ನು ಕೆಲವು ಗಂಟೆ ಅಥವಾ ರಾತ್ರಿಯಿಡೀ ಬಿಟ್ಟು, ಪಂಪ್ ಹಾಕಿ ನೀರು ಸೋಸಿ ತೆಗೆದು ಮೀಟರ್ ಇಡುತ್ತಾರೆ. ನಮ್ಮ ಎರೆ ಮಣ್ಣಿನಲ್ಲಿ ಇದು ಕೈ ನೋಯಿಸುವ ಕೆಲಸ, ಸೋಸುವುದೂ ನಿಧಾನ. ಎರಡನೇದು 1:2.5. ಇಪ್ಪತ್ತು ಗ್ರಾಂ ಮಣ್ಣಿಗೆ ಐವತ್ತು ಮಿಲಿಲೀಟರ್ ನೀರು, ಚೆನ್ನಾಗಿ ಕಲಕುವುದು, ಕೆಳಗೆ ಕೂರಲು ಬಿಡುವುದು, ಮೀಟರ್ ಅದ್ದುವುದು. ದಿನಕ್ಕೆ ರಾಶಿ ಮಾದರಿ ನೋಡುವ ಮಣ್ಣು ಪರೀಕ್ಷಾ ಲ್ಯಾಬ್‌ಗಳಿಗೆ ಇಂಥದ್ದೇ ಅನುಕೂಲ.

ಎರಡರಲ್ಲೂ ಉಪ್ಪು ಅಷ್ಟೇ, ನೀರು ಮಾತ್ರ ಬೇರೆ ಬೇರೆ. ಎರೆ ಮಣ್ಣಿನ ಪೇಸ್ಟಿಗೆ ನೂರು ಗ್ರಾಂ ಮಣ್ಣಿಗೆ ಸುಮಾರು ಎಪ್ಪತ್ತು ಗ್ರಾಂ ನೀರು ಹಿಡಿಯಿತು ಅಂತ ಇಟ್ಟುಕೊಳ್ಳಿ. 1:2.5 ವಿಧಾನದಲ್ಲಿ ಅದೇ ನೂರು ಗ್ರಾಂಗೆ ಇನ್ನೂರೈವತ್ತು ಗ್ರಾಂ ನೀರು. 250 ಭಾಗಿಸು 70, ಸುಮಾರು 3.6 ಪಟ್ಟು ತೆಳು. ಪೇಸ್ಟಿನಲ್ಲಿ 5.4 ಬಂದ ಮಣ್ಣು 1:2.5ರಲ್ಲಿ 1.5ರ ಹತ್ತಿರ ಬರುತ್ತದೆ. 5.4 ಬರೆದವರು ಪೇಸ್ಟ್ ಮಾಡಿದ್ದರು, 1.5 ಬರೆದವರು 1:2.5. ಅಂದರೆ ಆ ಎರಡು ಪೇಪರ್‌ಗಳ ನಡುವೆ ಜಗಳವೇ ಇರಲಿಲ್ಲ. ಅವು ಒಂದೇ ಮಾತು ಹೇಳುತ್ತಿದ್ದವು.

ಇದು ಬರೀ ಅಂಕಿಯ ಗೊಂದಲ ಅಲ್ಲ. ಮಣ್ಣು ಸವಳು ಅನ್ನಲು ಪುಸ್ತಕಗಳಲ್ಲಿ ಇರುವ ಗೆರೆ 4 ಡೆಸಿಸೀಮನ್ಸ್. ಆ ಗೆರೆ ಪೇಸ್ಟ್ ವಿಧಾನದ್ದು. ಭತ್ತಕ್ಕೆ ಹೇಳುವ ಲೆಕ್ಕವೂ ಪೇಸ್ಟಿನದೇ. 1977ರಿಂದ ಬಳಕೆಯಲ್ಲಿರುವ ಮಾಸ್ ಮತ್ತು ಹಾಫ್‌ಮನ್ ಅವರ ಪಟ್ಟಿಯ ಪ್ರಕಾರ 3ರವರೆಗೆ ಇಳುವರಿ ಇಳಿಯುವುದಿಲ್ಲ, ಅದರ ಮೇಲೆ ಒಂದೊಂದು ಡೆಸಿಸೀಮನ್ಸ್‌ಗೂ ನೂರಕ್ಕೆ ಹನ್ನೆರಡರಷ್ಟು ಇಳಿಯುತ್ತದೆ. 5.4 ಇದ್ದರೆ ಸುಮಾರು ನೂರಕ್ಕೆ 29ರಷ್ಟು ನಷ್ಟ. ಅದೇ ಮಣ್ಣಿನ 1.5 ಅನ್ನು ಈ ಪಟ್ಟಿಯ ಪಕ್ಕ ಇಟ್ಟು ನೋಡಿದವರಿಗೆ ನಷ್ಟ ಸೊನ್ನೆ, ಭೂಮಿ ಸುಧಾರಿಸಿದೆ. ಹೊಲದವರಿಗೆ ಮಾತ್ರ ಗೊತ್ತು, ಕಾಲು ಭಾಗಕ್ಕಿಂತ ಜಾಸ್ತಿ ಬೆಳೆ ಹೋಗಿದೆ ಅಂತ.

ಹಾಗಾದರೆ ಎಲ್ಲಾ 1:2.5 ಅಂಕಿಗಳನ್ನೂ 3.6ರಿಂದ ಗುಣಿಸಿಬಿಟ್ಟರೆ ಮುಗಿಯಿತಲ್ವಾ? ಅವಳೂ ಹಾಗೇ ಕೇಳಿದಳು. ಬೇಡ ಅಂದೆ. ಮರಳು ಜಾಸ್ತಿ ಇರುವ ಮಣ್ಣಿಗೆ ಪೇಸ್ಟಿನಲ್ಲಿ ಮೂವತ್ತು ಗ್ರಾಂ ನೀರು ಸಾಕಾಗಬಹುದು, ಆಗ ಅದೇ ಲೆಕ್ಕ ಎಂಟು ಪಟ್ಟು ದಾಟುತ್ತದೆ. ಪೇಪರಿನವರು ಮಣ್ಣಿನ ಜೇಡಿಯ ಅಂಶ ಕೊಟ್ಟಿರದಿದ್ದರೆ ಯಾವ ಗುಣಕ ಅಂತ ನಮಗೆ ಗೊತ್ತಿಲ್ಲ. ಇನ್ನೊಂದು, ಮಣ್ಣಿನಲ್ಲಿ ಜಿಪ್ಸಂ ಇದ್ದರೆ ನೀರು ಹೆಚ್ಚಿದಷ್ಟೂ ಅದು ಇನ್ನಷ್ಟು ಕರಗುತ್ತದೆ. ಆಗ ತೆಳುವಾಗುವ ಲೆಕ್ಕ ಸುಳ್ಳಾಗುತ್ತದೆ. ಸವಳು-ಚೌಳು ಭೂಮಿಗೆ ಜಿಪ್ಸಂ ಹಾಕುವುದೇ ರೂಢಿ ಇರುವಾಗ ಇದನ್ನು ಮರೆಯುವ ಹಾಗಿಲ್ಲ.

ಅದಕ್ಕೆ ಒಂದು ಇಸಿ ಕಾಲಮ್ ಐದಾಯಿತು. ಪೇಪರಿನಲ್ಲಿ ಅಚ್ಚಾದ ಅಂಕಿ ಇದ್ದ ಹಾಗೇ ಒಂದರಲ್ಲಿ. ಅವರು ಬರೆದ ಯುನಿಟ್ ಇನ್ನೊಂದರಲ್ಲಿ. ವಿಧಾನ ಮೂರನೇದರಲ್ಲಿ. ಪುಟ ಅಥವಾ ಕೋಷ್ಟಕದ ಸಂಖ್ಯೆ ನಾಲ್ಕನೇದರಲ್ಲಿ. ನಾವು ಯುನಿಟ್ ಸರಿಪಡಿಸಿ ಬರೆದದ್ದು ಕೊನೆಯದರಲ್ಲಿ. ಯುನಿಟ್ ಬದಲಿಸುವುದು ಸುಲಭದ ಕೆಲಸ. ಹಳೇ ಪೇಪರ್‌ಗಳ ಮಿಲಿಮ್ಹೋ ಪ್ರತಿ ಸೆಂಟಿಮೀಟರ್ ಅಂದರೆ ಡೆಸಿಸೀಮನ್ಸ್ ಪ್ರತಿ ಮೀಟರೇ, ಅಂಕಿ ಬದಲಾಗುವುದಿಲ್ಲ. 1500 ಮೈಕ್ರೋಸೀಮನ್ಸ್ ಪ್ರತಿ ಸೆಂಟಿಮೀಟರ್ ಅಂದರೆ 1.5. ಯುನಿಟ್ ಬದಲಿಸಬಹುದು. ವಿಧಾನ ಬದಲಿಸಲು ನಮಗೆ ಅಧಿಕಾರ ಇಲ್ಲ.

ತಿಂಗಳ ಕಾಲಮ್

ಇನ್ನೊಂದು ಕಾಲಮ್ ಬಂದದ್ದು ಅವಳ ಅಪ್ಪನ ಮಾತಿನಿಂದ. ರಜೆಗೆ ಊರಿಗೆ ಹೋದಾಗ ಅವಳು ಈ ಅಂಕಿಗಳ ಕಥೆ ಹೇಳಿದ್ದಾಳೆ. ಅವರು, "ಬ್ಯಾಸಗ್ಯಾಗ ನೋಡಿದ್ರ ನೆಲ ಬೆಳ್ಳಗ ಕಾಣ್ತದ. ನೀರು ಬಿಟ್ಟು ಗದ್ದಿ ಮಾಡಿದ ಮ್ಯಾಲ ನೋಡಿದ್ರ ಏನೂ ಕಾಣಂಗಿಲ್ಲ. ಅವ್ರು ಯಾವಾಗ ಮಣ್ಣು ತಗಂಡ್ರು ಅಂತ ಕೇಳು" ಅಂದರಂತೆ.

ಪೂರ್ತಿ ಸರಿಯಾದ ಪ್ರಶ್ನೆ. ಬೇಸಿಗೆಯಲ್ಲಿ ನೀರು ಆವಿಯಾಗುತ್ತಾ ಕೆಳಗಿನ ಉಪ್ಪನ್ನು ಮೇಲಕ್ಕೆ ಎಳೆದು ತರುತ್ತದೆ. ಗದ್ದೆಯಲ್ಲಿ ನಿಂತ ನೀರು ಅದನ್ನೇ ಕೆಳಗೆ ತಳ್ಳುತ್ತದೆ. ಬಸಿಗಾಲುವೆ ಹಾಕುವ ಮುಂಚೆ ಬೇಸಿಗೆಯಲ್ಲಿ ಮಣ್ಣು ತೆಗೆದು, ಹಾಕಿದ ಮೇಲೆ ಭತ್ತ ಕೊಯ್ದ ಕೂಡಲೇ ತೆಗೆದರೆ, ಬಸಿಗಾಲುವೆ ಏನೂ ಮಾಡದಿದ್ದರೂ ಇಸಿ ಇಳಿದಂತೆ ಕಾಣುತ್ತದೆ. ಇದನ್ನು ಹಿಡಿಯಲು ಎರಡು ಕಾಲಮ್ ಬೇಕು, ಮಣ್ಣು ತೆಗೆದ ತಿಂಗಳು ಮತ್ತು ಹೋಲಿಕೆಗೆ ಇಟ್ಟ ಹೊಲ. ಬಸಿಗಾಲುವೆ ಇಲ್ಲದ ಪಕ್ಕದ ಹೊಲದಲ್ಲೂ ಅದೇ ದಿನ ಮಣ್ಣು ತೆಗೆದಿದ್ದರೆ ತಿಂಗಳಿನ ಆಟ ಎರಡಕ್ಕೂ ಸಮ ಆಗುತ್ತದೆ.

ಈಗ ನಾಲ್ಕು ಸಾಲು ನೋಡಿ.

| ಸಾಲು | ಮಣ್ಣು ತೆಗೆದ ಕಾಲ | ಆಳ, ಸೆಂ.ಮೀ. | ವಿಧಾನ | ಮೊದಲು | ನಂತರ | ಹೋಲಿಕೆ ಹೊಲ |
|---|---|---|---|---|---|---|
| 04ಅ | ಏಪ್ರಿಲ್, ಏಪ್ರಿಲ್ | 0–30 | ಪೇಸ್ಟ್ | 9.0 | 5.4 | ಇದೆ |
| 11 | ಮೇ, ಮೇ | 0–30 | 1:2.5 | 2.5 | 1.5 | ಇದೆ |
| 17 | ಮೇ, ಡಿಸೆಂಬರ್ | 0–15 | 1:2.5 | 2.4 | 0.9 | ಇಲ್ಲ |
| 23 | ವರದಿಯಿಲ್ಲ | 0–15 | ವರದಿಯಿಲ್ಲ | 4.0 | 3.2 | ಇಲ್ಲ |

"ನಂತರ" ಕಾಲಮ್ಮನ್ನು ಮಾತ್ರ ಓದಿದರೆ 17ನೇ ಸಾಲು ಎಲ್ಲರಿಗಿಂತ ಚೆನ್ನ, 04ಅ ಎಲ್ಲರಿಗಿಂತ ಕಳಪೆ. ಪ್ರತಿ ಸಾಲಿನೊಳಗೇ ಎಷ್ಟು ಇಳಿಯಿತು ಅಂತ ನೋಡಿದರೆ 04ಅ ನೂರಕ್ಕೆ ನಲವತ್ತು, 11 ಕೂಡ ನೂರಕ್ಕೆ ನಲವತ್ತು. ಪಟ್ಟಿಯಲ್ಲಿ ದೂರ ದೂರ ಕಂಡವು ಜೊತೆಗೆ ಬಂದು ನಿಂತವು. ಈ ಎರಡರಲ್ಲೂ ಮೊದಲೂ ನಂತರವೂ ಮಣ್ಣು ತೆಗೆದ ತಿಂಗಳು ಒಂದೇ, ಆಳ ಒಂದೇ, ಪಕ್ಕದ ಹೊಲವೂ ಇದೆ. 17ನೇದು ನೂರಕ್ಕೆ ಅರವತ್ತು ದಾಟುತ್ತದೆ, ಆದರೆ ಅದರಲ್ಲಿ ಬಸಿಗಾಲುವೆಯ ಪಾಲೆಷ್ಟು, ಡಿಸೆಂಬರಿನ ಪಾಲೆಷ್ಟು ಅಂತ ಬೇರ್ಪಡಿಸಲು ದಾರಿ ಇಲ್ಲ. ಅದನ್ನು ಬಿಸಾಡುವುದಿಲ್ಲ, ಸಾಲಿನಲ್ಲೇ ಇಟ್ಟು ಅದರ ಮೇಲೆ ಭಾರ ಹಾಕದೆ ಬರೆಯುತ್ತೇವೆ. 23ನೇದಕ್ಕೆ ವಿಧಾನವೇ ಗೊತ್ತಿಲ್ಲ. 4.0 ಅಂದರೆ ಪೇಸ್ಟಿನಲ್ಲಿ ಗಡಿ, 1:2.5ರಲ್ಲಿ ಬೆಳೆಯೇ ಬರದಷ್ಟು ಉಪ್ಪು. ಅಂಥ ಸಾಲಿನ ಲೇಖಕರಿಗೆ ಒಂದು ಮೇಲ್ ಹಾಕಿ ಕೇಳುವುದು ಒಳ್ಳೇದು. ಪೇಪರಿಗೆ ಮೂಲವಾದ ಥೀಸಿಸ್ ಸಿಕ್ಕರೆ ಅಲ್ಲಿ ವಿಧಾನ ಪೂರ್ತಿ ಬರೆದಿರುತ್ತಾರೆ.

ಇಳುವರಿಯ ಕಾಲಮ್ಮಿನದೂ ಇದೇ ಕಥೆ, ಸ್ವಲ್ಪ ಸುಲಭದ್ದು. ಜರ್ನಲ್‌ನಲ್ಲಿ ಹೆಕ್ಟೇರಿಗೆ ಟನ್, ವರದಿಗಳಲ್ಲಿ ಎಕರೆಗೆ ಕ್ವಿಂಟಲ್, ರೈತರ ಸರ್ವೆಯಲ್ಲಿ ಎಕರೆಗೆ ಚೀಲ. ಒಂದು ಟನ್ ಪ್ರತಿ ಹೆಕ್ಟೇರ್ ಅಂದರೆ ಎಕರೆಗೆ ನಾಲ್ಕು ಕ್ವಿಂಟಲ್‌ಗಿಂತ ತುಸು ಜಾಸ್ತಿ. ಚೀಲದ ತೂಕ ಪೇಪರಿನಲ್ಲಿ ಹೇಳಿರದಿದ್ದರೆ ಚೀಲ ಅಂತಲೇ ಬಿಡಬೇಕು.

ಖಾಲಿ ಚೌಕಗಳು, ಎಕ್ಸೆಲ್ಲಿನ ಚೇಷ್ಟೆ

ಖಾಲಿ ಚೌಕಕ್ಕೆ ಮೂರು ಅರ್ಥ ಇರಬಹುದು. ಪೇಪರಿನವರು ಹೇಳಿಲ್ಲ, ಆ ಅಧ್ಯಯನಕ್ಕೆ ಆ ಪ್ರಶ್ನೆ ಅನ್ವಯಿಸುವುದಿಲ್ಲ, ಅಥವಾ ನಾನಿನ್ನೂ ಓದಿಲ್ಲ. ಮೂರನ್ನೂ ಖಾಲಿ ಬಿಟ್ಟರೆ ಸ್ವಲ್ಪ ದಿನ ಆದಮೇಲೆ ಯಾವುದು ಯಾವುದು ಅಂತ ಬರೆದವರಿಗೇ ಗೊತ್ತಾಗುವುದಿಲ್ಲ. ಮೊದಲ ಎರಡಕ್ಕೆ "ವರದಿಯಿಲ್ಲ", "ಅನ್ವಯಿಸದು" ಅಂತ ಬರೆದು, ಓದದೇ ಇರುವುದನ್ನು ಮಾತ್ರ ಖಾಲಿ ಬಿಟ್ಟಳು. ವಿಧಾನದ ಭಾಗವನ್ನೂ ಕೋಷ್ಟಕಗಳ ಕೆಳಗಿನ ಸಣ್ಣಕ್ಷರವನ್ನೂ ಓದದೆ "ವರದಿಯಿಲ್ಲ" ಅಂತ ಬರೆಯುವಂತಿಲ್ಲ ಅನ್ನುವ ನಿಯಮವನ್ನೂ ಹಾಕಿಕೊಂಡಳು.

ಎಕ್ಸೆಲ್ಲಿನಲ್ಲಿ ಟೈಪ್ ಮಾಡುವವರಿಗೆ ಒಂದು ಎಚ್ಚರಿಕೆ. ವಿಧಾನದ ಕಾಲಮ್ಮಿನಲ್ಲಿ 1:2 ಅಂತ ಹೊಡೆದರೆ ಅದು ಸುಮ್ನೆ ಗಡಿಯಾರದ ಸಮಯವಾಗಿ 01:02 ಆಗುತ್ತದೆ. ಆಳದ ಕಾಲಮ್ಮಿನಲ್ಲಿ 5-10 ಅಂತ ಹೊಡೆದರೆ ತಾರೀಕಾಗುತ್ತದೆ. ಟೈಪ್ ಮಾಡುವ ಮುಂಚೆಯೇ ಆ ಕಾಲಮ್‌ಗಳನ್ನು `Text` ಮಾಡಿಡಬೇಕು. ಆಮೇಲೆ ಮಾಡಿದರೆ ಹಳೇ ಅಂಕಿ ವಾಪಸ್ ಬರುವುದಿಲ್ಲ. ಇನ್ನೊಂದು, ಒಂದೇ ಕಾಲಮ್ ಆರಿಸಿ ಸಾರ್ಟ್ ಮಾಡಿದರೆ ಆ ಅಂಕಿಗಳು ಬೇರೆ ಪೇಪರ್‌ಗಳ ಪಕ್ಕ ಹೋಗಿ ಕೂರುತ್ತವೆ. ನೋಡಲು ಎಲ್ಲಾ ಸರಿಯಾಗೇ ಇರುತ್ತದೆ. ಪುಟ ಸಂಖ್ಯೆಯ ಕಾಲಮ್ ಇದ್ದರೆ ಮಾತ್ರ ಇಂಥ ಅನಾಹುತ ಬೇಗ ಸಿಕ್ಕಿಬೀಳುತ್ತದೆ, ಪೇಪರ್ ತೆರೆದು ಆ ಪುಟದಲ್ಲಿ ಆ ಅಂಕಿ ಇದೆಯಾ ಅಂತ ನೋಡಬಹುದು. ಅವಳ ರೂಮ್‌ಮೇಟ್ ಕೆಲವು ಸಾಲುಗಳನ್ನು ಮೊದಲಿನದು ನೋಡದೆ ತಾನೇ ಮತ್ತೆ ತುಂಬಿದಳು. ಇಬ್ಬರ ಉತ್ತರ ಬೇರೆ ಬಂದದ್ದು ಹೆಚ್ಚಾಗಿ ಆಳದ ಕಾಲಮ್ಮಿನಲ್ಲಿ. ಮೂರು ಪದರದ ಅಂಕಿ ಕೊಟ್ಟ ಪೇಪರ್‌ನಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು ಅಂತ ಕಾಲಮ್ಮಿನ ತಲೆಯಲ್ಲಿ ಬರೆದಿರಲಿಲ್ಲ. "ಮೇಲಿನ ಪದರ ಮಾತ್ರ" ಅಂತ ಸೇರಿಸಿದ ಮೇಲೆ ಆ ಗೊಂದಲ ಹೋಯಿತು.

ಮೇಲಿನಿಂದ ಕೆಳಗೆ ಓದುವುದು

ಬರೆಯುವಾಗ ಸಾಲನ್ನು ಅಡ್ಡಕ್ಕೆ ಓದಿದರೆ ಮತ್ತೆ ಹಳೇ ನೋಟ್‌ಬುಕ್ಕೇ ಬರುತ್ತದೆ. ಕಾಲಮ್ಮನ್ನು ಮೇಲಿನಿಂದ ಕೆಳಗೆ ಓದಬೇಕು. ಅವಳು ಮೊದಲು ವಿಧಾನದ ಪ್ರಕಾರ ಇಡೀ ಹಾಳೆಯನ್ನು ಸಾರ್ಟ್ ಮಾಡಿದಳು. ಪೇಸ್ಟಿನವು ಒಂದು ಗುಂಪು, 1:2.5ರವು ಒಂದು ಗುಂಪು, ವರದಿಯಿಲ್ಲದವು ಒಂದು ಗುಂಪು. ಪ್ರತಿ ಗುಂಪಿನೊಳಗೆ ಹೋಲಿಕೆ ಹೊಲ ಇದ್ದವು ಮೇಲೆ. ಆಗ ಬರೆದ ಪ್ಯಾರಾ ಹೀಗೆ ಶುರುವಾಯಿತು: "ಹೋಲಿಕೆ ಹೊಲ ಇಟ್ಟು ಒಂದೇ ಹಂಗಾಮಿನಲ್ಲಿ ಮಣ್ಣು ತೆಗೆದ ಅಧ್ಯಯನಗಳಲ್ಲಿ, ಅಳತೆಯ ವಿಧಾನ ಯಾವುದೇ ಇರಲಿ, ಉಪ್ಪಿನ ಇಳಿಕೆ ಹತ್ತಿರ ಹತ್ತಿರವೇ ಇದೆ. ಅದಕ್ಕಿಂತ ಬಹಳ ಹೆಚ್ಚು ಇಳಿಕೆ ತೋರಿಸಿದವು ಹಂಗಾಮು ಬದಲಿಸಿ ಮಣ್ಣು ತೆಗೆದವು." ಈ ವಾಕ್ಯ ಯಾವ ಒಂದು ಪೇಪರಿನಲ್ಲೂ ಇಲ್ಲ.

ಕಾಲಮ್ ಓದುತ್ತಾ ಹೋದಾಗ ಒಂದು ಕಾಲಮ್ ಹೆಚ್ಚುಕಡಿಮೆ ಪೂರ್ತಿ "ವರದಿಯಿಲ್ಲ" ಆಗಿತ್ತು: ಒಂದೇ ಮಣ್ಣನ್ನು ಎರಡೂ ವಿಧಾನದಲ್ಲಿ ಅಳೆದಿದ್ದಾರಾ? ತಕ್ಷಣ "ಇದನ್ನು ಯಾರೂ ಮಾಡಿಲ್ಲ" ಅಂತ ಬರೆಯಲು ಹೊರಟಳು. ಅಲ್ಲಿ ತಡೆದೆ. ನಮ್ಮ ಹುಡುಕು ಪದಗಳು ಬಸಿಗಾಲುವೆಯವು. ಅಳತೆ ವಿಧಾನ ಹೋಲಿಸಿದ ಪೇಪರ್‌ನಲ್ಲಿ ಬಸಿಗಾಲುವೆಯ ಮಾತೇ ಇರದಿರಬಹುದು, ಆಗ ಅದು ನಮ್ಮ ಬಲೆಗೆ ಬೀಳುವುದಿಲ್ಲ. ಎರಡನೇ ಹಾಳೆ ತೆರೆದು ಏನು ಹುಡುಕಿದ್ದೆವು ಅಂತ ನೋಡಿದಾಗ ಇದು ಸ್ಪಷ್ಟವಾಯಿತು. ಆ ಒಂದು ಪ್ರಶ್ನೆಗೇ ಬೇರೆ ಪದ ಹಾಕಿ ಮತ್ತೆ ಹುಡುಕಿದಳು. ಬೇರೆ ಕಡೆಯ ಮಣ್ಣುಗಳಿಗೆ ಇಂಥ ಹೋಲಿಕೆಗಳು ಸಿಕ್ಕವು. ಅಧ್ಯಾಯದಲ್ಲಿ "ಯಾರೂ ಮಾಡಿಲ್ಲ" ಹೋಗಿ, "ಇಲ್ಲಿ ಪರಿಶೀಲಿಸಿದ ಅಧ್ಯಯನಗಳಲ್ಲಿ ಕಾಣಲಿಲ್ಲ" ಅಂತ ಬಂತು.

ಅವಳ ಪ್ರಯೋಗದ ಯೋಜನೆಯೂ ಇದರಿಂದ ಬದಲಾಯಿತು. ಮೊದಲು 1:2.5 ಮಾತ್ರ ಮಾಡುವುದಿತ್ತು. ಈಗ ಬೇಸಿಗೆಯಲ್ಲೂ ಭತ್ತದ ಕೊಯ್ಲಿನ ನಂತರವೂ ಮಣ್ಣು ತೆಗೆದು, ಪ್ರತಿ ಮಾದರಿಯ ಒಂದು ಪಾಲನ್ನು 1:2.5ಕ್ಕೆ, ಇನ್ನೊಂದು ಪಾಲನ್ನು ಪೇಸ್ಟಿಗೆ ಇಡುತ್ತಾಳೆ. ಜೇಡಿಯ ಅಂಶವನ್ನೂ ಪೇಸ್ಟಿಗೆ ಹಿಡಿದ ನೀರನ್ನೂ ಬರೆದಿಡುತ್ತಾಳೆ. ಸಿಂಧನೂರಿನ ಎರೆ ಮಣ್ಣಿಗೆ ಗುಣಕ 3.6 ಹೌದಾ, ಬೇರೆಯಾ ಅನ್ನುವುದು ಆಗ ಅಂದಾಜಿನಿಂದ ಅಲ್ಲ, ಅಳತೆಯಿಂದ ಗೊತ್ತಾಗುತ್ತದೆ.